ಅಜ್ಜಿ ಬಿಂದಿಗೆ ಎತ್ತೋ ಶಾಟು, ಮತ್ತೆ ಮೇಡಂ ಕಳ್ಸಿದ ನೋಟು

ನನ್ನ ಶಾಟ್ ಅಂತೂ ಅಪ್ರೂವ್ ಆಯ್ತು. ಮೈಸೂರಲ್ಲಿ ಒಂದು ಸಣ್ಣ ಸ್ಟುಡಿಯೋಲಿ ಜೂನಿಯರ್ ಆನಿಮೇಟರ್ ಆಗಿ ಸೇರ್ಕೊಂಡು ಇನ್ನೂ ಜಾಸ್ತಿ ಕಾಲ ಆಗಿಲ್ಲ, ಡೈರೆಕ್ಟರ್ ಕೈಯಿಂದ ನೇರವಾಗಿ ನೋಟ್ ಬಂದಿದ್ದು ಇದೇ ಮೊದ್ಲು. ಅಲ್ಲೀತನಕ ಎಲ್ಲ ನಮ್ ಲೀಡ್ ಪಕ್ಕದಲ್ಲಿ ನಿಂತ್ಕೊಂಡು ಬಾಯಲ್ಲೇ ಹೇಳೋರು. ಬರೆದ ನೋಟ್ ಬಂದಾಗ ಅದನ್ನ ಹೆಂಗೆ ಓದ್ಬೇಕು, ಯಾವ್ದನ್ನ ಮೊದ್ಲು ಮುಟ್ಬೇಕು, ಯಾವ್ದನ್ನ ಮುಟ್ಲೇಬಾರ್ದು ಅಂತ ನಂಗೆ ಯಾರೂ ಹೇಳಿರ್ಲಿಲ್ಲ, ಅದಕ್ಕೆ ನೆನಪು ಹಸಿಯಾಗಿರೋವಾಗ್ಲೇ ಬರೀತಿದೀನಿ.

ಶಾಟ್ ಏನು ಅಂದ್ರೆ, ಒಬ್ಬ ಅಜ್ಜಿ ಬೀದಿ ನಲ್ಲಿ ಹತ್ರ ತುಂಬಿದ ಬಿಂದಿಗೆ ಎತ್ತಿ ಸೊಂಟಕ್ಕೆ ಇಟ್ಕೊಂಡು ತಿರುಗ್ತಾಳೆ, ಅಷ್ಟರಲ್ಲಿ ಮೊಮ್ಮಗ ಕೂಗ್ತಾನೆ, ಅವನ ಕಡೆ ನೋಡಿ ನಗ್ತಾಳೆ. 1001 ರಿಂದ 1132, ಅಂದ್ರೆ 132 ಫ್ರೇಮು, ಸೆಕೆಂಡಿಗೆ 24ರ ಲೆಕ್ಕದಲ್ಲಿ ಐದೂವರೆ ಸೆಕೆಂಡು. ಹೊಸಬರಿಗೆ ಹೇಳ್ತೀನಿ, ತುಂಬ ಸ್ಟುಡಿಯೋಗಳಲ್ಲಿ ಶಾಟ್ 1ರಿಂದ ಅಲ್ಲ 1001ರಿಂದ ಶುರುವಾಗುತ್ತೆ, ಹಿಂದ್ಗಡೆ ಫ್ರೇಮ್ ಬೇಕಾದ್ರೆ ಮೈನಸ್ ನಂಬರ್‌ಗೆ ಹೋಗೋದು ಬೇಡ ಅಂತ. ಇದು ಯಾಕೆ ಅಂತ ನಂಗೆ ಕೊನೇಲಿ ಚೆನ್ನಾಗಿ ಅರ್ಥ ಆಯ್ತು.

`sh0140_anim_v007.ma` ಪ್ಲೇಬ್ಲಾಸ್ಟ್ ಹಾಕಿ ಸಂಜೆ ಸಬ್‌ಮಿಟ್ ಮಾಡ್ದೆ. ಕೀ ಎಲ್ಲ ಸ್ಪ್ಲೈನ್‌ಗೆ ಹಾಕಿ, ಬೆರಳು ಕೂಡ ಪಾಲಿಶ್ ಮಾಡಿ ಕಳ್ಸಿದ್ದೆ. ಮಾರನೇ ದಿನ ಪೂರ್ತಿ ಏನೂ ಬರ್ಲಿಲ್ಲ. ನಾನು ಮಂಡ್ಯ ಕಡೆಯಿಂದ ರೈಲಲ್ಲಿ ಓಡಾಡೋನು, ವಾಪಸ್ ಹೋಗ್ತಾ ಶ್ರೀರಂಗಪಟ್ಟಣ ದಾಟ್ತಿದ್ದಂಗೆ ಫೋನ್ ಟಣ್ ಅಂತು, ನೋಡಿದ್ರೆ ಡೈರೆಕ್ಟರ್ ಮೇಡಂದು. ಸ್ಕ್ರೋಲ್ ಮಾಡ್ತಾನೇ ಇದ್ರೂ ಮುಗೀತಿಲ್ಲ. ಇಷ್ಟುದ್ದ ಬರ್ದಿದಾರೆ ಅಂದ್ರೆ ಶಾಟ್ ಬೇರೆಯವ್ರಿಗೆ ಕೊಡ್ತಾರೆ ಅಂತ್ಲೇ ಅಂದ್ಕೊಂಡೆ, ಪಾಂಡವಪುರ ಬರೋವರ್ಗೂ ಓದೋಕೇ ಧೈರ್ಯ ಬರ್ಲಿಲ್ಲ.

ಆಮೇಲೆ ಓದಿದ್ರೆ ಶುರುನೇ ಹಿಂಗಿತ್ತು: "1104 ರಿಂದ ಕೊನೇವರೆಗೂ ಕೈ ಹಾಕ್ಬೇಡ ಕಣಪ್ಪ. ಮೊಮ್ಮಗ ಕೂಗಿದ ತಕ್ಷಣ ತಲೆ ತಿರುಗ್ಸಿಲ್ಲ ನೀನು, ಮೊದ್ಲು ಕಣ್ಣು ಹೋಗಿದೆ, ನಾಲ್ಕು ಫ್ರೇಮ್ ಬಿಟ್ಟು ತಲೆ ಹೋಗಿದೆ, ನಗು ಅದಕ್ಕಿಂತ ತಡ. ಅವಳಿಗೆ ದನಿ ಗುರ್ತು ಸಿಕ್ಕಿದ್ದು ನಂಗೆ ಕಾಣ್ಸುತ್ತೆ. ಇದು ಈ ಶಾಟಿನ ಜೀವ, ಮಿಕ್ಕಿದ್ದೆಲ್ಲ ಇದನ್ನ ಕಾಪಾಡ್ಕೊಂಡು ಸರಿ ಮಾಡೋಣ."

ಇದು ಬರೀ ಬೆನ್ನು ತಟ್ಟೋ ಮಾತು ಅಂತ ನಾನು ಆಗ ಅಂದ್ಕೊಂಡೆ, ಆದ್ರೆ ಅಲ್ಲ. ಅದೊಂದು ಬೇಲಿ. ಯಾವ ಫ್ರೇಮಿಂದ ಆಚೆ ಕೀ ಸರಿಸಬಾರ್ದು ಅಂತ ನಂಬರ್ ಸಮೇತ ಹೇಳಿದ್ರು, ಇಲ್ದಿದ್ರೆ ನಾನು ಮುಂದಿನ ಟೈಮಿಂಗ್ ಬದಲಾಯಿಸ್ತಾ ಕೊನೇದನ್ನೂ ತಳ್ಕೊಂಡು ಹೋಗಿರ್ತಿದ್ದೆ, ಗ್ಯಾರಂಟಿ. ಅದಕ್ಕೇ ನೋಟಲ್ಲಿ "ಚೆನ್ನಾಗಿದೆ" ಅಂತ ಇದ್ರೆ ಅದನ್ನ ಹಾರಿಸ್ಬೇಡಿ, ಫ್ರೇಮ್ ನಂಬರ್ ಬರ್ಕೊಳ್ಳಿ.

ಆಮೇಲೆ ಮುಖ್ಯ ಮಾತು. ನಾನು "ಭಾರ ಫೀಲ್ ಆಗ್ತಿಲ್ಲ" ಅಂತ ಬರುತ್ತೆ ಅಂದ್ಕೊಂಡಿದ್ದೆ, ಆ ಮಾತು ಎಲ್ಲ ಜೂನಿಯರ್‌ಗೂ ಬರುತ್ತೆ, ಅದರಿಂದ ಏನು ಮಾಡ್ಬೇಕು ಅಂತ ಮಾತ್ರ ಯಾರಿಗೂ ಗೊತ್ತಾಗಲ್ಲ. ಮೇಡಂ ಬರೆದಿದ್ದು: "1030ಕ್ಕೆ ಬಿಂದಿಗೆ ಹಿಡೀತಾಳೆ, 1037ಕ್ಕೆ ಸೊಂಟದ ಮೇಲಿದೆ. ಏಳು ಫ್ರೇಮು. ಅಷ್ಟರಲ್ಲಿ ನಾವು ಖಾಲಿ ಚೊಂಬು ಎತ್ಬೋದು. ಆದ್ರೆ ಬರೀ ನಿಧಾನ ಮಾಡ್ಬೇಡ, ನಿಧಾನ ಮಾಡಿದ್ರೆ ಖಾಲಿ ಚೊಂಬನ್ನ ನಿಧಾನಕ್ಕೆ ಎತ್ತಿದಂಗೆ ಕಾಣುತ್ತೆ ಅಷ್ಟೆ. ಹಿಡಿದ ಮೇಲೆ, ಬಿಂದಿಗೆ ನೆಲ ಬಿಡೋಕೆ ಮುಂಚೆ, ಅವಳ ಮೈಯಲ್ಲಿ ಏನಾಗುತ್ತೆ? ಎತ್ತೋದು ಕೈಯಾ, ಕಾಲಾ? ಒಂದೇ ಸಲಕ್ಕೆ ಸೊಂಟಕ್ಕೆ ಬರುತ್ತಾ, ಮಧ್ಯ ಎಲ್ಲಾದ್ರೂ ನಿಲ್ಲುತ್ತಾ? ಈ ಮೂರು ಪ್ರಶ್ನೆಗೆ ಉತ್ತರ ಹುಡ್ಕೊಂಡು ಬಾ. ನಿಮ್ಮೂರಲ್ಲಿ ನನಗಿಂತ ಚೆನ್ನಾಗಿ ಹೇಳೋರು ಇದಾರೆ."

ಜೊತೆಗೆ 1034ನೇ ಫ್ರೇಮ್ ಮೇಲೆ ಕೆಂಪು ಗೆರೇಲಿ ಬರೆದು ಕಳ್ಸಿದ್ರು. ನನ್ನ ಪೋಸಲ್ಲಿ ಬೆನ್ನು ನೆಟ್ಟಗೆ, ಬಿಂದಿಗೆ ಪಕ್ಕಕ್ಕೆ. ಅವರ ಗೆರೇಲಿ ಸೊಂಟ ಬಿಂದಿಗೆ ಕಡೆ ಹೊರಕ್ಕೆ ಚಾಚಿದೆ, ಎದೆ ತಲೆ ಎದುರು ಕಡೆ ವಾಲಿದೆ, ಖಾಲಿ ಕೈ ಆಚೆ ಹೋಗಿದೆ. ನಾಲ್ಕೇ ನಾಲ್ಕು ಗೆರೆ, ಆದ್ರೆ ಅಜ್ಜಿ ಕೈಲಿ ನಿಜವಾಗ್ಲೂ ನೀರಿದೆ ಅನ್ಸ್ತು.

ಕೊನೇಲಿ ಕೆಲಸದ ಕ್ರಮ ಬರೆದಿದ್ರು, ನಂಗೆ ಅತಿ ಹೆಚ್ಚು ಉಪಯೋಗ ಆಗಿದ್ದು ಇದೇ. "ಮೊದಲ ಭಾಗ ಮಾತ್ರ ಮತ್ತೆ ಬ್ಲಾಕಿಂಗ್‌ಗೆ ತಗೊಂಡ್ ಬಾ, ಸ್ಟೆಪ್ಡ್‌ನಲ್ಲೇ ತೋರ್ಸು. ಬೆರಳು, ರೆಪ್ಪೆ, ಸೆರಗು ಯಾವ್ದೂ ಈಗ ಬೇಡ. 1031ರಲ್ಲಿ ಬಿಂದಿಗೆ ಕೈಯಿಂದ ಜಿಗೀತಿದೆ, ಅದನ್ನೂ ಈಗ ಸರಿ ಮಾಡ್ಬೇಡ, ಹೊಸ ಟೈಮಿಂಗ್‌ನಲ್ಲಿ ಆ ಕೀಗಳೇ ಇರಲ್ಲ." ಇದು ಬರೀದೆ ಇದ್ದಿದ್ರೆ ನಾನು ಮೊದ್ಲು ಕೂತು ಆ ಜಿಗಿತಾನೇ ಸರಿ ಮಾಡಿರ್ತಿದ್ದೆ, ಯಾಕಂದ್ರೆ ಅದು ಸುಲಭ, ಆಮೇಲೆ ಅದೆಲ್ಲ ಡಿಲೀಟ್.

ರೆಫರೆನ್ಸ್ ವಿಷಯಕ್ಕೆ ಬರೋಣ. ಭಾನುವಾರ ಊರಲ್ಲಿ ನಮ್ಮಜ್ಜಿನೇ ಹಿಡ್ಕೊಂಡೆ. 350 ರೂಪಾಯಿಗೆ ಒಂದು ಫೋನ್ ಸ್ಟ್ಯಾಂಡ್ ತಗೊಂಡಿದ್ದೆ, ಈ ಇಡೀ ಕಥೇಲಿ ಜೇಬಿಂದ ಹೋದ ದುಡ್ಡು ಅದೊಂದೇ. ನಲ್ಲಿ ನೀರು ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ ಬಿಡ್ತಾರೆ, ಅಷ್ಟರಲ್ಲಿ ಮುಗೀಬೇಕು, ಸುತ್ತ ಕ್ಯೂ ಬೇರೆ, ಎಲ್ರೂ ಏನೋ ಸಿನಿಮಾ ಶೂಟಿಂಗ್ ಅನ್ನೋ ಥರ ನಿಂತ್ಕೊಂಡ್ರು. ಮೊದಲನೇ ಟೇಕ್‌ನಲ್ಲಿ ಅಜ್ಜಿ ಸೆರಗು ಸರಿ ಮಾಡ್ಕೊಂಡು, ಫೋನ್ ನೋಡ್ಕೊಂಡು, ಅರ್ಧ ತುಂಬಿದ ಬಿಂದಿಗೆ ನಾಜೂಕಾಗಿ ಎತ್ತಿದ್ಳು. ಅದು ಪೂರ್ತಿ ಸುಳ್ಳು, ನನ್ನ ಶಾಟ್ ಥರಾನೇ ಇತ್ತು! "ಪೂರ್ತಿ ತುಂಬ್ಸಜ್ಜಿ" ಅಂದೆ. "ಅಯ್ಯೋ ಮೊದ್ಲೇ ಯೋಳಬಾರ್ದೇನ್ಲಾ, ತುಂಬಿದ್ ಬಿಂದ್ಗೆ ಎತ್ತದೇ ಬ್ಯಾರೆ ಕಣ್ಲಾ" ಅಂತ ಬೈಕೊಂಡು ತುಂಬ್ಸಿದ್ಳು. ಆಮೇಲೆ ಒಂದು ಲೀಟರ್ ಬಾಟ್ಲಲ್ಲಿ ಅಳೆದು ನೋಡ್ದೆ, ಆ ಬಿಂದಿಗೆಗೆ 13 ಬಾಟ್ಲು ಹಿಡೀತು, ಅಂದ್ರೆ ನೀರೇ 13 ಕೆಜಿ.

ಶೂಟ್ ಮಾಡೋರಿಗೆ ಎರಡು ಮಾತು. ಫೋನನ್ನ ಶಾಟಿನ ಕ್ಯಾಮೆರಾ ಯಾವ ಕಡೆ, ಯಾವ ಎತ್ತರದಲ್ಲಿದೆಯೋ ಹಂಗೇ ಇಡಿ, ವೈಡ್ ಲೆನ್ಸ್ ಬೇಡ, ದೂರ ನಿಂತು ತಗೊಳ್ಳಿ. ಇನ್ನೊಂದು, ಫೋನು ಮಾಮೂಲಾಗಿ 30 ಫ್ರೇಮಲ್ಲಿ ತಗೊಳ್ಳುತ್ತೆ, ಅದೂ ಒಂದೇ ಸಮ ಇರಲ್ಲ. ಅದನ್ನ ಹಾಗೇ ಮಾಯಾದೊಳಗೆ ಹಾಕ್ಕೊಂಡು ಫ್ರೇಮ್ ಎಣಿಸಿದ್ರೆ ಲೆಕ್ಕ ಎಲ್ಲ ತಪ್ಪು. ಮೊದ್ಲು 24ಕ್ಕೆ ತನ್ನಿ, 1001ರಿಂದ ನಂಬರ್ ಕೊಟ್ಟು ಇಮೇಜ್ ಸೀಕ್ವೆನ್ಸ್ ಮಾಡ್ಕೊಳ್ಳಿ:

```
ffmpeg -i ajji.mp4 -vf fps=24 -start_number 1001 ajji.%04d.jpg
```

ಈಗ ಒಂದೊಂದೇ ಫ್ರೇಮ್ ತಳ್ಕೊಂಡು ನೋಡಿದ್ರೆ ಮೇಡಂ ಕೇಳಿದ್ದ ಮೂರಕ್ಕೂ ಉತ್ತರ ಅಲ್ಲೇ ಇತ್ತು. ಅಜ್ಜಿ ಬಿಂದಿಗೆ ಕಂಠ ಹಿಡಿದ ಮೇಲೆ ಸುಮಾರು ಒಂಬತ್ತು ಫ್ರೇಮ್ ಬಿಂದಿಗೆ ನೆಲ ಬಿಡೋದೇ ಇಲ್ಲ. ಆ ಹೊತ್ತಲ್ಲಿ ಮೈ ಮಾತ್ರ ಕೆಲಸ ಮಾಡ್ತಿರುತ್ತೆ: ಒಂದು ಕಾಲು ಅಗಲಕ್ಕೆ ಹೋಗುತ್ತೆ, ಸೊಂಟ ಇನ್ನೂ ಸ್ವಲ್ಪ ಕೆಳಗಿಳಿಯುತ್ತೆ, ಮೊಣಕೈ ನೆಟ್ಟಗಾಗುತ್ತೆ, ಭುಜ ಎಳ್ಕೊಂಡಂಗೆ ಕೆಳಗೆ ಬರುತ್ತೆ. ಆಮೇಲೆ ಬಿಂದಿಗೆ ನೇರ ಮೇಲೆ ಬರಲ್ಲ, ಮೊದ್ಲು ತನ್ನ ಕಡೆಗೆ ವಾಲಿಸ್ಕೊಳ್ತಾಳೆ, ತಳದ ಒಂದು ಅಂಚು ಇನ್ನೂ ನೆಲಕ್ಕೆ ತಾಗ್ಕೊಂಡೇ ಇರುತ್ತೆ, ಆಮೇಲೆ ಎತ್ತೋದು. ಎತ್ತಿ ನೇರ ಸೊಂಟಕ್ಕೂ ಅಲ್ಲ, ಬಲತೊಡೆ ಮೇಲೆ ಇಟ್ಕೊಂಡು ಒಂದು ಉಸಿರು ತಗೊಳ್ತಾಳೆ. ಅಲ್ಲಿಂದ ಸೊಂಟಕ್ಕೆ ಹೋಗೋದು ಕೈಯ ಬಲದಲ್ಲಿ ಅಲ್ಲ, ಮೊಣಕಾಲಿಂದ ಮೇಲಕ್ಕೆ ಒಂದು ನೂಕು ಕೊಡ್ತಾಳೆ, ಕೈ ಬರೀ ದಾರಿ ತೋರ್ಸುತ್ತೆ. ದಿನಾ ಕಣ್ಮುಂದೆ ನಡೆಯೋದು, ಒಂದ್ಸಲನೂ ನೋಡಿರ್ಲಿಲ್ಲ ನಾನು.

ಈಗ ತೊಂದ್ರೆ ಶುರು. ಹಿಡಿದಲ್ಲಿಂದ ಸೊಂಟಕ್ಕೆ ಬರೋವರ್ಗೂ ಹಿಂದೆ ಏಳು ಫ್ರೇಮ್ ಸಾಕಾಗ್ತಿತ್ತು, ಈಗ ಹೆಚ್ಚುಕಮ್ಮಿ 35 ಬೇಕು. 1104 ಆದ್ಮೇಲೆ ಮುಟ್ಟಂಗಿಲ್ಲ, ಶಾಟ್ ಉದ್ದ ಮಾಡಂಗಿಲ್ಲ, ಎಡಿಟ್ ಲಾಕ್ ಆಗಿದೆ, ಮುಂದಿನ ಶಾಟ್‌ಗೆ ಸೌಂಡ್ ಕೂಡ ಕೂತಿದೆ. (ದಯವಿಟ್ಟು ಯಾರೂ ನಿಮ್ಮಷ್ಟಕ್ಕೆ ನೀವು ಶಾಟ್ ಉದ್ದ ಮಾಡ್ಬೇಡಿ, ಇನ್ನೊಬ್ರ ಶಾಟ್ ಕೆಟ್ಟುಹೋಗುತ್ತೆ.) ಮೇಡಂಗೆ ಎರಡು ಪ್ರಶ್ನೆ ಬರೆದು ಕಳ್ಸಿದೆ. ಒಂದು, ಫ್ರೇಮ್ ಎಲ್ಲಿಂದ ತರ್ಲಿ. ಎರಡು, ಬಿಂದಿಗೆ ಬಲಸೊಂಟಕ್ಕಾ ಎಡಸೊಂಟಕ್ಕಾ, ಯಾಕಂದ್ರೆ ನಮ್ಮಜ್ಜಿ ಬಲಕ್ಕೆ ಇಟ್ಕೊಂಡಿದ್ಳು, ನಾನು ಎಡಕ್ಕೆ ಮಾಡಿದ್ದೆ.

ಕೇಳೋಕೆ ಮುಜುಗರ ಪಟ್ಕೊಂಡು ಅರ್ಧ ದಿನ ಸುಮ್ನೆ ಕೂತಿದ್ದೆ. ಉತ್ತರ ಬರೋಕೆ ಹತ್ತು ನಿಮಿಷನೂ ಹಿಡೀಲಿಲ್ಲ: "ಒಳ್ಳೆ ಪ್ರಶ್ನೆ, ಇದನ್ನ ನಾನೇ ಬರೀಬೇಕಿತ್ತು. ಬಲಸೊಂಟ. ಮುಂದಿನ ಶಾಟ್ 0150ರಲ್ಲಿ ಬಲಕ್ಕೇ ಇದೆ ನೋಡು, ಮೊಮ್ಮಗ ಎಡಗಡೆಯಿಂದ ಬರ್ತಾನೆ, ಆ ಕಡೆ ಮುಖಕ್ಕೆ ಏನೂ ಅಡ್ಡ ಇರ್ಬಾರ್ದು. ಫ್ರೇಮ್ ಬೇಕು ಅಂದ್ರೆ ಬಗ್ಗೋದನ್ನ ಬಿಟ್ಟಾಕು. ಹಿಂದಿನ ಶಾಟಲ್ಲಿ ನೀರು ತುಂಬೋದು ನೋಡಿದಾರೆ, ಅವಳು ಬಗ್ತಾಳೆ ಅಂತ ಎಲ್ರಿಗೂ ಗೊತ್ತು. ಬಗ್ಗಿರೋ ಅಜ್ಜಿ ಮೇಲೇ ಕಟ್ ಆಗ್ಲಿ."

ನನ್ನ ಹಳೇ ಶಾಟಲ್ಲಿ ಮೊದಲ 30 ಫ್ರೇಮ್ ಬಗ್ಗೋದಕ್ಕೇ ಹೋಗಿತ್ತು, ಅದೂ ತುಂಬ ಮುತುವರ್ಜಿಯಿಂದ ಮಾಡಿದ್ದೆ, ಹೊಟ್ಟೆ ಉರೀತು ಸ್ವಲ್ಪ. ಆದ್ರೆ ತೆಗೆದ್ಮೇಲೆ ಲೆಕ್ಕ ಸಲೀಸಾಗಿ ಕೂತ್ಕೊಳ್ತು. 1001ರಿಂದ 1012 ಕೈ ಚಾಚಿ ಕಂಠ ಹಿಡಿಯೋದು, 1021ರವರೆಗೆ ಮೈ ಬಿಗಿ ಮಾಡೋದು, 1032ಕ್ಕೆ ತೊಡೆ ಮೇಲೆ, ಅಲ್ಲಿ 1038ರವರೆಗೆ ಉಸಿರು, 1046ಕ್ಕೆ ಸೊಂಟ, 1058ರವರೆಗೆ ಬಿಂದಿಗೆ ಅಲ್ಲಿ ಕೂತ್ಕೊಳ್ಳೋದು, ಅಲ್ಲಿಂದ 1104ರವರೆಗೆ ತಿರುಗಿ ಒಂದು ಹೆಜ್ಜೆ. ತೊಡೆ ಮೇಲಿನ ಉಸಿರು ನಮ್ಮಜ್ಜಿ ವೀಡಿಯೋಲಿ ಆರಕ್ಕಿಂತ ಎರಡು ಪಟ್ಟು ಇತ್ತು, ಅದನ್ನ ಹಂಗೇ ಇಟ್ರೆ ಶಾಟ್ ಅಲ್ಲೇ ನಿಂತೋಗ್ತಿತ್ತು. ರೆಫರೆನ್ಸಿಂದ ಕ್ರಮ ತಗೊಳ್ಳಿ, ಟೈಮಿಂಗ್ ಪೂರ್ತಿ ಹಂಗೇ ಇಳಿಸ್ಬೇಡಿ.

ಬ್ಲಾಕಿಂಗ್ ಮಾಡೋಕೆ ಹೋದ್ರೆ ಇನ್ನೊಂದು ಅಡ್ಡಿ. ಬಿಂದಿಗೆ ರಿಗ್‌ನಲ್ಲಿ ಅದು ಬಲಗೈಗೆ ಅಂಟ್ಕೊಳ್ಳೋ ಆಪ್ಶನ್ ಮಾತ್ರ ಇತ್ತು. ಎರಡು ಕೈಯಲ್ಲಿ ಎತ್ತೋ ವಸ್ತುವನ್ನ ಒಂದು ಕೈಗೆ ಕಟ್ಟಿದ್ರೆ ಇನ್ನೊಂದು ಕೈ ಜಾರ್ತಾನೇ ಇರುತ್ತೆ, ಫ್ರೇಮ್ ಫ್ರೇಮಿಗೂ ಅದನ್ನ ಹಿಡಿದು ತಂದು ಕೂರಿಸ್ಬೇಕು. ತಿರುಗಾಮುರುಗಾ ಇರ್ಬೇಕು ಅದು: ಬಿಂದಿಗೆಗೆ ಕೀ ಹಾಕೋದು, ಎರಡು ಐಕೆ ಕೈಗಳೂ ಅದನ್ನ ಹಿಂಬಾಲಿಸೋದು, ಸೊಂಟಕ್ಕೆ ಬಂದ್ಮೇಲೆ ಬಿಂದಿಗೆ ಸೊಂಟವನ್ನ ಹಿಂಬಾಲಿಸೋದು. ರಿಗ್ಗಿಂಗ್ ಅಣ್ಣನ ಹತ್ರ ಹೋದೆ, "ಇವತ್ತು ಆಗಲ್ಲ ಗುರು, ಹಸು ರಿಗ್ ಮುರ್ದಿದೆ" ಅಂದ್ರು. ಕಾಯೋ ಹೊತ್ತಲ್ಲಿ ನಾನು ಮೈ ಪೋಸ್ ಮಾತ್ರ ಮಾಡ್ದೆ, ಬಿಂದಿಗೆ ಜಾಗದಲ್ಲಿ ಒಂದು ಸಾದಾ ಗೋಳ ಇಟ್ಕೊಂಡು. ಅದೇ ಒಳ್ಳೇದಾಯ್ತು ಅನ್ಸುತ್ತೆ, ಕೈ ಕಡೆ ಗಮನ ಹೋಗ್ದೆ ಸೊಂಟ ಎಲ್ಲಿದೆ, ಯಾವ ಕಾಲ ಮೇಲೆ ಭಾರ ಇದೆ ಅಂತ ಮಾತ್ರ ನೋಡ್ತಿದ್ದೆ. ಪರೀಕ್ಷೆ ಸುಲಭ: ಹೆಜ್ಜೆ ಹಾಕೋ ಹೊತ್ತು ಬಿಟ್ರೆ, ಬಿಂದಿಗೆ ಎತ್ತಿರೋ ಯಾವ ಫ್ರೇಮಲ್ಲಿ ನಿಲ್ಲಿಸಿದ್ರೂ ಅಜ್ಜಿ ಮತ್ತೆ ಬಿಂದಿಗೆ ಇಬ್ಬರದ್ದೂ ಸೇರಿಸಿ ಭಾರ ಎರಡು ಪಾದದ ನಡುವೆ ಎಲ್ಲೋ ಬೀಳ್ಬೇಕು. ಬೀಳ್ತಿಲ್ಲ ಅಂದ್ರೆ ಒಂದೋ ಅವಳು ಬೀಳ್ತಾಳೆ, ಇಲ್ಲ ಬಿಂದಿಗೆ ಖಾಲಿ.

ಬ್ಲಾಕಿಂಗ್‌ಗೆ ಮೇಡಂ ಬರೆದಿದ್ದು ಎರಡೇ ಸಾಲು. "1021ರಲ್ಲಿ ಭುಜ ನೋಡಿ ನಂಗೇ ಸೊಂಟ ಹಿಡ್ಕೊಂಡಂಗಾಯ್ತು, ಭೇಷ್. 1046ರಲ್ಲಿ ಸೊಂಟ ಬಿಂದಿಗೆಗೋಸ್ಕರ ಕಾಯ್ತಾ ನಿಂತಿದೆ, ಅದು ಬಿಂದಿಗೆ ಬರೋಕೆ ಎರಡು ಫ್ರೇಮ್ ಮುಂಚೆ ಹೊರಟು ಅದನ್ನ ಹಿಡ್ಕೊಳ್ಬೇಕು." ಎರಡು ಕೀ ಸರಿಸಿದ್ದಷ್ಟೆ, ಬಿಂದಿಗೆ ದಪ್ ಅಂತ ಸೊಂಟಕ್ಕೆ ಕೂತ್ಕೊಳ್ತು.

ಸ್ಟೆಪ್ಡ್‌ನಿಂದ ಸ್ಪ್ಲೈನ್‌ಗೆ ಹೋದಾಗ ಎಲ್ಲ ಮತ್ತೆ ತೇಲೋಕೆ ಶುರುವಾಯ್ತು. ಇದು ಎಲ್ರಿಗೂ ಆಗುತ್ತೆ, ಗಾಬರಿ ಬೇಡ, ಎಲ್ಲಿ ನೋಡ್ಬೇಕು ಅಂತ ಗೊತ್ತಿದ್ರೆ ಸಾಕು. ನನ್ನ ಕೇಸಲ್ಲಿ ಮೈ ಬಿಗಿಯಾಗೋ ಒಂಬತ್ತು ಫ್ರೇಮಲ್ಲಿ ಬಿಂದಿಗೆ ಚೂರೇ ಚೂರು ಮೇಲೇಳ್ತಿತ್ತು, ಪ್ಲೇ ಮಾಡಿದ್ರೆ ಕಣ್ಣಿಗೆ ಬೀಳಲ್ಲ, ಆದ್ರೆ ಭಾರ ಮಾತ್ರ ಮಾಯ. ಗ್ರಾಫ್ ಎಡಿಟರ್‌ನಲ್ಲಿ ಬಿಂದಿಗೆಯ `translateY` ತೆಗೆದು ನೋಡಿ, 1012ರಿಂದ 1021ರವರೆಗೆ ಅದು ಗೀಟು ಎಳೆದಂಗೆ ನೆಟ್ಟಗಿರ್ಬೇಕು. ಸ್ವಲ್ಪ ಉಬ್ಬಿದ್ರೂ ಬಿಂದಿಗೆ ತೇಲ್ತಿದೆ, ತಗ್ಗಿದ್ರೆ ನೆಲದೊಳಗೆ ಹೋಗ್ತಿದೆ ಅಂತ. ಎರಡು ಕಡೆ ಒಂದೇ ಬೆಲೆ ಕೀ ಇಟ್ಟು ಟ್ಯಾಂಜೆಂಟ್ ಫ್ಲಾಟ್ ಮಾಡಿದ್ರೆ ಆಯ್ತು. ಮೈಗೆ ಮಾತ್ರ ಹಂಗೆ ಮಾಡ್ಬೇಡಿ, ಮೈ ಅಷ್ಟು ಹೊತ್ತೂ ಅಲ್ಪಸ್ವಲ್ಪ ಇಳೀತಾ ಬಿಗೀತಾ ಇರ್ಬೇಕು, ಇಲ್ಲಾಂದ್ರೆ ಅಜ್ಜಿ ಕಲ್ಲಾಗ್ತಾಳೆ.

ಅದೇ ಜಾಗದಲ್ಲಿ ಮೊಣಕೈ ಪಟಕ್ ಅಂತ ಜಿಗಿಯೋಕೂ ಶುರುವಾಯ್ತು. ಐಕೆ ಕೈ ಪೂರ್ತಿ ನೆಟ್ಟಗಾದ್ರೆ ಹಂಗಾಗುತ್ತೆ, ಒಂದು ಕೂದಲೆಳೆ ದೂರ ಜಾಸ್ತಿಯಾದ್ರೂ ಮೊಣಕೈ ಒಂದೇ ಫ್ರೇಮಲ್ಲಿ ಟಕ್ಕಂತ ಮುಚ್ಚಿ ತೆಗೆಯುತ್ತೆ. ಕೈಯನ್ನ ಸರಿಸ್ಬೇಡಿ, ಅದು ಬಿಂದಿಗೆ ಹಿಡಿದಿದೆ. ಭುಜ ಮತ್ತೆ ಎದೆಯನ್ನ ಸ್ವಲ್ಪ ಕೆಳಗೆ ತನ್ನಿ, ಮೊಣಕೈಯಲ್ಲಿ ಚೂರು ಮಡಿಕೆ ಉಳಿಯುತ್ತೆ.

ಆಮೇಲೆ ಆ ಮುಟ್ಟಬಾರದ ಭಾಗ. ನಾನು ಒಂದು ಕೀನೂ ಮುಟ್ಟಿರ್ಲಿಲ್ಲ, ಆದ್ರೂ 1104 ಆದ್ಮೇಲೆ ಅಜ್ಜಿ ಮೊಮ್ಮಗನ್ನ ಬಿಟ್ಟು ಅವನ ಪಕ್ಕದ ಗೋಡೆ ನೋಡಿ ನಗ್ತಿದ್ಳು! ಬೆನ್ನು ಈಗ ಎಡಕ್ಕೆ ವಾಲಿದೆ, ತಲೆ ಎದೆಯನ್ನ ಹಿಂಬಾಲಿಸ್ತಿದೆ, ಸೋ ತಲೇನೂ ವಾಲ್ತು. ತಲೆ ಕಂಟ್ರೋಲ್‌ನ ಸ್ಪೇಸನ್ನ ವರ್ಲ್ಡ್‌ಗೆ ಹಾಕಿ, ಹಳೇ v007ರ ತಿರುವನ್ನೇ ಅಲ್ಲಿ ಮ್ಯಾಚ್ ಮಾಡಿದ್ಮೇಲೆ ನೋಟ ಸರಿಯಾಯ್ತು. ಹಳೇ ವರ್ಷನ್ ಫೈಲ್ ಅಳಿಸ್ದೆ ಇಟ್ಕೊಂಡಿದ್ದು ಇಲ್ಲಿ ಕೈ ಹಿಡೀತು.

ಅಪ್ರೂವಲ್ ನೋಟ್ ಹಿಂಗಿತ್ತು: "ಆಯ್ತು ಕಣಪ್ಪ, ಮುಂದಕ್ಕೆ ಕಳ್ಸು. 1050ರ ಹತ್ರ ಎಡಗೈ ಆಚೆ ಹೋಗಿ ವಾಪಸ್ ಬರೋದು ಚೆನ್ನಾಗಿದೆ, ನಾನು ಗೆರೇಲಿ ಬರೆದಿದ್ದಕ್ಕಿಂತ ಕಮ್ಮಿ ಮಾಡಿದೀಯ, ಅದೇ ಸರಿ. ನಿಮ್ಮಜ್ಜಿಗೆ ನಮಸ್ಕಾರ ಹೇಳು." ನಾನು ಅದನ್ನ ಸ್ಕ್ರೀನ್‌ಶಾಟ್ ತೆಗೆದು ಮನೆ ಗ್ರೂಪಿಗೆ ಹಾಕ್ದೆ, ಯಾರಿಗೂ ಏನೂ ಅರ್ಥ ಆಗ್ಲಿಲ್ಲ, ಅಜ್ಜಿ ಮಾತ್ರ "ನೀರೆತ್ತಿದ್ಕೆ ದುಡ್ಡೆಷ್ಟು ಕೊಟ್ರಂತೆ" ಅಂತ ಕೇಳಿದ್ಳು.

ಮುಗೀತು ಅಂದ್ಕೊಂಡ್ರೆ ಬಟ್ಟೆ ಸಿಮ್ಯುಲೇಶನ್ ಮಾಡೋರು ಶಾಟ್ ವಾಪಸ್ ಕಳ್ಸಿದ್ರು. ಮೊದ್ಲು ಅಜ್ಜಿ ನಿಂತಿರೋದ್ರಿಂದ ಶುರುವಾಗ್ತಿತ್ತು, ಈಗ 1001ರಲ್ಲೇ ಬಗ್ಗಿದಾಳೆ, ಸೀರೆ ಸುಮ್ನೆ ಕೈಕಾಲು ಚಾಚಿದ ಪೋಸಿಂದ ಒಂದೇ ಫ್ರೇಮಲ್ಲಿ ಬಗ್ಗಿದ ಪೋಸಿಗೆ ಬಂದ್ರೆ ಹರಿದು ಚಿಂದಿಯಾಗುತ್ತೆ. ಅದಕ್ಕೆ ಪ್ರೀ-ರೋಲ್ ಬೇಕು. 961ರಲ್ಲಿ ರಿಗ್‌ನ ಮೂಲ ಪೋಸು, ಅಲ್ಲಿಂದ ನಿಧಾನಕ್ಕೆ 991ಕ್ಕೆ ಬಗ್ಗಿದ ಪೋಸು, ಮಿಕ್ಕ ಹತ್ತು ಫ್ರೇಮ್ ಬಟ್ಟೆ ಕೂತ್ಕೊಳ್ಳೋಕೆ. ಯಾರೂ ನೋಡ್ದೇ ಇರೋ ಫ್ರೇಮು ಅಂತ ಕೈ ಹೊಟ್ಟೆಯೊಳಗೆ ತೂರ್ಕೊಂಡು ಹೋಗೋ ಥರ ಮಾಡ್ಬೇಡಿ, ಸೆರಗು ಅಲ್ಲೇ ಸಿಕ್ಕಾಕೊಂಡು ಶಾಟ್ ಪೂರ್ತಿ ಹಂಗೇ ಬರುತ್ತೆ. ಅದನ್ನ ಹಾಕಿ ಪಬ್ಲಿಷ್ ಮಾಡ್ದೆ. ನಿಮ್ಮ ಶಾಟೂ ಅರ್ಧ ಕೆಲಸದಲ್ಲಿರೋ ಪೋಸಿಂದ ಶುರುವಾಗ್ತಿದ್ರೆ ಬ್ಲಾಕಿಂಗ್ ಹೊತ್ತಲ್ಲೇ ಅವರ ಕಿವಿಗೊಂದು ಮಾತು ಹಾಕಿಡಿ, ಅವರೂ ಎಷ್ಟು ಫ್ರೇಮ್ ಬೇಕು ಅಂತ ಅಲ್ಲೇ ಹೇಳಿಬಿಡ್ತಾರೆ.